ಕನ್ನಂಬಾಡಿ ನೀರು 120ಕ್ಕೆ ಯಾಕೆ ನಿಲ್ಲಲಿಲ್ಲ?

ಕೆ.ಆರ್.ಪೇಟೆ ಕಡೆಯ ಒಂದು ಶಾಲೆಗೆ ಬೇರೆ ಸುದ್ದಿಗೆ ಅಂತ ಹೋಗಿದ್ದೆ. ಕಂಪ್ಯೂಟರ್ ರೂಮಿಗೆ ಬೀಗ. ಕಿಟಕಿಯಲ್ಲಿ ಇಣುಕಿದರೆ ಒಳಗೆ ಮಾನಿಟರುಗಳಿಗೆ ಬಟ್ಟೆ ಹೊದಿಸಿ ಮಲಗಿಸಿದ ಹಾಗಿತ್ತು. ಯುಪಿಎಸ್ ಬ್ಯಾಟರಿ ಸತ್ತು ವರ್ಷದ ಮೇಲಾಗಿದೆಯಂತೆ. ಮೇಷ್ಟ್ರು ಒಳ್ಳೆಯವರೇ. "ರಿಪೇರಿ ಆಗ್ಲಿ ಸಾರ್, ಆಮೇಲೆ ಮಕ್ಕಳಿಗೆ ಕೋಡಿಂಗ್ ಶುರು ಮಾಡ್ತೀವಿ" ಅಂದರು.

ಅದಾಗಿ ಸ್ವಲ್ಪ ದಿನಕ್ಕೆ ಪೇಟೆಯ ಒಂದು ಕೋಚಿಂಗ್ ಸೆಂಟರಿನ ಡೆಮೊ ಕ್ಲಾಸ್ ನೋಡಿದೆ. ಅಲ್ಲಿ ಎಲ್ಲರ ಕೈಯಲ್ಲೂ ಟ್ಯಾಬ್. ಹತ್ತು ವರ್ಷದ ಹುಡುಗರು ಪರದೆಯ ಮೇಲೆ ಬಣ್ಣದ ತುಂಡುಗಳನ್ನು ಎಳೆದು ಜೋಡಿಸಿದರೆ ಬೆಕ್ಕು ಕುಣಿಯುತ್ತಿತ್ತು. ಅಪ್ಪ ಅಮ್ಮಂದಿರ ಮುಖ ಅರಳಿತ್ತು. ನಾನು ಒಬ್ಬ ಹುಡುಗನ ಪಕ್ಕ ಕೂತು, "ಈ 10 ತೆಗೆದು 4 ಹಾಕಿದರೆ ಬೆಕ್ಕು ಏನು ಮಾಡುತ್ತೆ?" ಅಂತ ಕೇಳಿದೆ. "ಒತ್ತಿ ನೋಡಣ" ಅಂದ. "ಒತ್ತೋಕೆ ಮುಂಚೆ ಹೇಳು" ಅಂದೆ. ನನ್ನ ಮುಖ ನೋಡಿದ, ಬೆಕ್ಕಿನ ಮುಖ ನೋಡಿದ, ಒತ್ತಿಬಿಟ್ಟ.

ಬೀಗ ಹಾಕಿದ ಶಾಲೆಯವರೂ ಬೆಕ್ಕು ಕುಣಿಸುವವರೂ ಬೇರೆ ಬೇರೆ ಅಂತ ನಾವು ಅಂದುಕೊಂಡಿದ್ದೇವೆ. ಇಬ್ಬರ ನಂಬಿಕೆಯೂ ಒಂದೇ. ಕೋಡಿಂಗ್ ಅನ್ನೋದು ಮೆಷಿನ್ ಒಳಗಿದೆ, ಮೆಷಿನ್ ಇದ್ದರೆ ಬರುತ್ತೆ, ಇಲ್ಲದಿದ್ದರೆ ಬರಲ್ಲ ಅಂತ. ಈ ನಂಬಿಕೆ ತಪ್ಪು. ಐದನೇ ಕ್ಲಾಸಿನ ಮಗುವಿಗೆ ಕೋಡಿಂಗ್‌ನಲ್ಲಿ ಮೊದಲು ಗೊತ್ತಾಗಬೇಕಾದ ಸಂಗತಿ ಎರಡೇ ಎರಡು: ಬೆಲೆ ಬದಲಾಗುವ ಒಂದು ಹೆಸರು, ಮತ್ತೆ ಮತ್ತೆ ಮಾಡುವ ಒಂದು ಕೆಲಸ. ಮೊದಲನೆಯದನ್ನು ಗಣಿತದ ಪುಸ್ತಕ ಚರಾಕ್ಷರ ಅನ್ನುತ್ತೆ, ಕಂಪ್ಯೂಟರಿನವರು ವೇರಿಯಬಲ್ ಅಂತಾರೆ. ಎರಡನೆಯದು ಲೂಪ್. ಈ ಎರಡನ್ನೂ ಕಲಿಯೋಕೆ ಮೊದಮೊದಲು ಕಂಪ್ಯೂಟರ್ ಇಲ್ಲದಿರುವುದೇ ವಾಸಿ ಅಂತ ನನ್ನ ವಾದ.

ಇದು ನಾನು ಕಂಡುಹಿಡಿದದ್ದಲ್ಲ. ನ್ಯೂಜಿಲೆಂಡಿನ ಟಿಮ್ ಬೆಲ್ ಮತ್ತು ಅವರ ಜೊತೆಯವರು 1990ರ ದಶಕದಲ್ಲೇ ಕಾಗದ, ಕಾರ್ಡು, ಹಗ್ಗ ಹಿಡಿದು ಮಕ್ಕಳಿಗೆ ಕಂಪ್ಯೂಟರ್ ವಿಜ್ಞಾನ ಹೇಳಿಕೊಟ್ಟರು. ಅದಕ್ಕೆ 'ಅನ್‌ಪ್ಲಗ್ಡ್' ಅಂತ ಹೆಸರು, ಅಂದರೆ ಪ್ಲಗ್ ಕಿತ್ತಿಟ್ಟದ್ದು. ಕಾರ್ಡಿನ ಪಾಠ ನಮಗೂ ಹೊಸದಲ್ಲ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ 1995ರಲ್ಲಿ ಪಕ್ಕದ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ್ದೇ ಕಾರ್ಡುಗಳನ್ನು ನಂಬಿಕೊಂಡು. ಕಾರ್ಡು ಕತ್ತರಿಸಿ, ಗುಂಪು ಮಾಡಿ ಕೂರಿಸಿ ಪಾಠ ಮಾಡುವುದು ನಮ್ಮ ಮೇಷ್ಟ್ರುಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬಾಯಲ್ಲಿ ಹೇಳಿದರೆ ಆಗಲ್ಲ, ಮಾಡಿದ್ದನ್ನು ಹೇಳುತ್ತೇನೆ. ನಮ್ಮಕ್ಕನ ಮಗಳಿಗೆ ಹತ್ತು ವರ್ಷ. ಒಂದು ಭಾನುವಾರ ಅವಳನ್ನೂ ಪಕ್ಕದ ಮನೆ ಹುಡುಗನನ್ನೂ ಜಗಲಿ ಮೇಲೆ ಕೂರಿಸಿದೆ. ಹಳೇ ಕ್ಯಾಲೆಂಡರಿನ ಹಿಂಬದಿ, ಕತ್ತರಿ, ಒಂದು ಸ್ಲೇಟು, ಬಳಪ. ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ಮಕ್ಕಳಿಗೆ ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ ಅಂದರೆ ಗೊತ್ತು. ಮಳೆಗಾಲದಲ್ಲಿ ದಿನಾ ಪೇಪರಲ್ಲಿ ಬರುತ್ತೆ, ಟೀ ಅಂಗಡಿಯಲ್ಲಿ ಅದೇ ಮಾತು. ಹಾಗಾಗಿ ಅದನ್ನೇ ತಗೊಂಡೆ. ಕಾಗದದ ಪಟ್ಟಿಗಳ ಮೇಲೆ ಹೀಗೆ ಬರೆದೆ:

```
ನೀರು : 100 ಇಡು
8 ಸಲ ಮಾಡು
    ನೀರು : 3 ಹೆಚ್ಚಿಸು
ನೀರು : ಹೇಳು
```

'8 ಸಲ ಮಾಡು' ಅನ್ನುವ ಪಟ್ಟಿಯನ್ನು ಬಾಯಿ ತೆರೆದ ಮೊಸಳೆ ಹಾಗೆ ಕತ್ತರಿಸಬೇಕು. ಅದರ ಬಾಯೊಳಗೆ ಯಾವ ಪಟ್ಟಿ ಕೂರುತ್ತೋ ಅದಷ್ಟೇ ಎಂಟು ಸಲ ನಡೆಯುತ್ತೆ. ಕಂಪ್ಯೂಟರಿನ ಸ್ಕ್ರ್ಯಾಚ್‌ನಲ್ಲೂ `repeat` ಅನ್ನುವ ತುಂಡು ಇದೇ ಆಕಾರದಲ್ಲಿದೆ. ಮುಂದೆ ಅಲ್ಲಿಗೆ ಹೋದಾಗ ಮಗುವಿಗೆ ಇದು ಹಳೇ ಪರಿಚಯ.

ಆಟದ ನಿಯಮ ಹೀಗೆ. ಒಬ್ಬರು ಪಟ್ಟಿ ಓದಬೇಕು, ಇನ್ನೊಬ್ಬರು ಮೆಷಿನ್ ಆಗಬೇಕು. ಮೆಷಿನ್ ಯೋಚನೆ ಮಾಡಕೂಡದು, ಓದಿದ್ದನ್ನಷ್ಟೇ ಮಾಡಬೇಕು. ಅದರ ಕೈಯಲ್ಲಿ ಸ್ಲೇಟು, ಸ್ಲೇಟಿನ ನೆತ್ತಿಯಲ್ಲಿ 'ನೀರು' ಅಂತ ಹೆಸರು, ಕೆಳಗೆ ಒಂದೇ ಒಂದು ಸಂಖ್ಯೆ. ಹೊಸದು ಬರೆಯುವ ಮುಂಚೆ ಹಳೇದನ್ನು ಒರೆಸಬೇಕು. ಓದುವವರು ಪಕ್ಕದ ಕಾಗದದಲ್ಲಿ ಪ್ರತಿ ಸುತ್ತಿನ ಲೆಕ್ಕ ಇಡಬೇಕು: 1ನೇ ಸುತ್ತು 103, 2ನೇ ಸುತ್ತು 106, ಹೀಗೆ 8ನೇ ಸುತ್ತಿಗೆ 124.

ಇಲ್ಲೊಂದು ತಕರಾರು ಎತ್ತಲೇಬೇಕು. ಎಲ್ಲಾ ಕೈಪಿಡಿಗಳೂ ವೇರಿಯಬಲ್ ಅಂದರೆ ಒಂದು ಡಬ್ಬಿ ಅಂತ ಹೇಳುತ್ತವೆ. ನಾನೂ ಮೊದಲು ಬೆಂಕಿಪೊಟ್ಟಣ ತಗೊಂಡು, ಒಳಗೆ ಚೀಟಿ ಹಾಕಿ ತೋರಿಸಿದ್ದೆ. ಕೆಟ್ಟುಹೋಯಿತು. ನಮ್ಮ ಹುಡುಗಿ 100ರ ಚೀಟಿ ಒಳಗಿದ್ದಂಗೇ 103ರ ಚೀಟಿಯನ್ನೂ ತುರುಕಿದಳು. ಡಬ್ಬಿ ಅಂದಮೇಲೆ ಎರಡು ಚೀಟಿ ಹಿಡಿಯುತ್ತಲ್ಲ! ಆಮೇಲೆ 'ನೀರು' ಪೊಟ್ಟಣದ ಬೆಲೆಯನ್ನು 'ನಿನ್ನೆ' ಅನ್ನುವ ಪೊಟ್ಟಣಕ್ಕೂ ಹಾಕು ಅಂದರೆ, ಚೀಟಿ ಎತ್ತಿ ಅದಕ್ಕೆ ಹಾಕಿದಳು, 'ನೀರು' ಖಾಲಿ. ಕಂಪ್ಯೂಟರಿನಲ್ಲಿ ಹಾಗಾಗಲ್ಲ. ಅಲ್ಲಿ ಒಂದನ್ನು ನೋಡಿ ಇನ್ನೊಂದಕ್ಕೆ ನಕಲು ಮಾಡಿದರೆ ಮೊದಲನೆಯದು ಹಾಗೇ ಇರುತ್ತೆ. ಬರೆದರೆ ಮಾತ್ರ ಹಳೇದು ಅಳಿಯುತ್ತೆ, ಓದಿದರೆ ಅಳಿಯಲ್ಲ. ಈ ಎರಡು ಗುಣವೂ ಇರುವುದು ಡಬ್ಬಿಗಲ್ಲ, ಸ್ಲೇಟಿಗೆ. ಅಜ್ಜಿ ಕಾಲದ ಸ್ಲೇಟು ಅಟ್ಟದ ಮೇಲಿದ್ದರೆ ಇಳಿಸಿ.

ಇನ್ನೊಂದು ಸಂಗತಿ ಕನ್ನಡಕ್ಕೇ ಸೇರಿದ್ದು. ಮೊದಲು ನಾನು 'ನೀರನ್ನು 3 ಹೆಚ್ಚಿಸು' ಅಂತ ಬರೆದಿದ್ದೆ. ಪಕ್ಕದ ಮನೆ ಹುಡುಗ ಹೊಸ ಸ್ಲೇಟು ಕೇಳಿದ. "ಅದು ನೀರು, ಇದು ನೀರನ್ನು. ಬೇರೆ ಹೆಸರಲ್ವಾ ಅಣ್ಣ?" ಮೆಷಿನ್ ಯೋಚನೆ ಮಾಡಕೂಡದು ಅಂತ ನಾನೇ ಹೇಳಿದ್ದೆ, ಆದ್ದರಿಂದ ಅವನು ಮಾಡಿದ್ದೇ ಸರಿ. ಇಂಗ್ಲಿಷಿನಲ್ಲಿ ಹೆಸರು ಎಲ್ಲಿ ಕೂತರೂ ಹಾಗೇ ಇರುತ್ತೆ, ನಮ್ಮಲ್ಲಿ ನೀರಿಗೆ, ನೀರಲ್ಲಿ, ನೀರಿನಿಂದ ಅಂತ ಬಾಲ ಬೆಳೆಯುತ್ತೆ. ಅದಕ್ಕೆ ಹೆಸರನ್ನು ಬಾಲವಿಲ್ಲದೆ ಮೊದಲು ಬರೆದು, ಪಕ್ಕದಲ್ಲಿ ಎರಡು ಚುಕ್ಕೆ ಇಟ್ಟು, ಆಮೇಲೆ ಕೆಲಸ ಬರೆಯುವುದು. ಸಮ ಚಿಹ್ನೆ ಕೂಡ ಬೇಡ. ಗಣಿತದ ಪಿರಿಯಡ್ಡಿನಲ್ಲಿ ಎರಡೂ ಕಡೆ ಸಮ ಅಂತ ಕಲಿತ ಮಗುವಿಗೆ 'ನೀರು = ನೀರು + 3' ತೋರಿಸಿದರೆ, ಅದು ಸುಳ್ಳು ಅಂತ ಹೇಳುತ್ತೆ, ಹೇಳಬೇಕು ಕೂಡ. ಸ್ಕ್ರ್ಯಾಚ್ ಮಾಡಿದವರು ಕೂಡ `set` ಮತ್ತು `change` ಅಂತ ಎರಡು ಪದ ಇಟ್ಟಿದ್ದಾರೆ. ನಮ್ಮ 'ಇಡು', 'ಹೆಚ್ಚಿಸು' ಅದಕ್ಕೇ.

ಸರಿ, ಲೆಕ್ಕ 124ಕ್ಕೆ ಬಂತು. ಇಬ್ಬರೂ ಖುಷಿಯಾಗಿ ಎದ್ದು ಹೋಗುವುದರಲ್ಲಿದ್ದರು. ಪಾಠ ಶುರುವಾಗುವುದು ಇಲ್ಲಿಂದ. ಸರಿಯಾದ ಪಟ್ಟಿ ಕೊಟ್ಟರೆ ಅದು ಬರೀ ಕೂಡುವ ಲೆಕ್ಕ, ಕೋಡಿಂಗ್ ಅಲ್ಲ. ತಪ್ಪಿರುವ ಪಟ್ಟಿ ಕೊಡಬೇಕು. ನಾನು 'ನೀರು : 100 ಇಡು' ಅನ್ನುವ ಪಟ್ಟಿಯನ್ನು ಎತ್ತಿ ಮೊಸಳೆಯ ಬಾಯೊಳಗೆ ಹಾಕಿದೆ:

```
8 ಸಲ ಮಾಡು
    ನೀರು : 100 ಇಡು
    ನೀರು : 3 ಹೆಚ್ಚಿಸು
ನೀರು : ಹೇಳು
```

"ಈಗ ಎಷ್ಟು?" ಇಬ್ಬರೂ ಒಂದೇ ಉಸಿರಿಗೆ 124 ಅಂದರು. ಪಟ್ಟಿಗಳು ಅವೇ ತಾನೇ. "ಮೆಷಿನ್ ಆಗಿ ಮಾಡಿ ನೋಡಿ" ಅಂದೆ. 100, 103. ಒರೆಸು, 100, 103. ಒರೆಸು, 100. ಮೂರನೇ ಸುತ್ತಿಗೆ ನಮ್ಮ ಹುಡುಗಿ ಬಳಪ ಕೆಳಗಿಟ್ಟಳು. "ಎಷ್ಟ್ ಸಲ ಮಾಡಿದ್ರೂ ಇದು 103ನೇ ಕಣ್ ಮಾವ. ದಿನಾ ಬೆಳಿಗ್ಗೆ ಡ್ಯಾಮ್ ಖಾಲಿ ಮಾಡ್ತಾವ್ನೆ." ಲೂಪಿನ ಒಳಗೆ ಏನಿರಬೇಕು ಹೊರಗೆ ಏನಿರಬೇಕು ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಪುಸ್ತಕ ನಾನು ಓದಿಲ್ಲ. ಟ್ಯಾಬಿನಲ್ಲಾಗಿದ್ದರೆ ಒತ್ತಿದ ತಕ್ಷಣ 103 ಅಂತ ಬಂದು, ಯಾಕೋ ಬಂತು ಅಂತ ತುಂಡುಗಳನ್ನು ಅಲ್ಲಾಡಿಸಿ, ಯಾವಾಗಲೋ 124 ಬಂದಾಗ ಚಪ್ಪಾಳೆ ಹೊಡೆದು ಮುಗಿಸುತ್ತಿದ್ದರು. ಕೈಯಲ್ಲಿ ಒರೆಸಿ ಬರೆದವರಿಗೆ ಮಾತ್ರ ಮೂರನೇ ಸುತ್ತಿನಲ್ಲಿ ಆ ಸಿಟ್ಟು ಬರುತ್ತೆ.

ಆಮೇಲೆ ಎಣಿಸಿ ಮಾಡುವ ಲೂಪ್ ಬಿಟ್ಟು 'ಇಷ್ಟಾಗುವವರೆಗೆ' ಅನ್ನುವ ಲೂಪಿಗೆ ಹೋದೆವು. ಎರಡಕ್ಕೂ ಏನು ವ್ಯತ್ಯಾಸ? ನಾಗಮಂಗಲದ ಮಕ್ಕಳಿಗೆ ಡ್ಯಾಮಿಗಿಂತ ಬೋರ್‌ವೆಲ್ ಹತ್ತಿರ. ಲಾರಿ ಬಂದು ಕೊರೆಯುವಾಗ ಒಂದೊಂದು ರಾಡು ಇಳಿದಂತೆ 20 ಅಡಿ ಆಳ ಹೆಚ್ಚುತ್ತೆ. ಎಷ್ಟು ರಾಡು ಅಂತ ಮೊದಲೇ ಯಾರಿಗೂ ಗೊತ್ತಿಲ್ಲ, ನೀರು ಬರುವವರೆಗೆ ಇಳಿಸೋದು. (ಅಥವಾ ದುಡ್ಡು ಮುಗಿಯುವವರೆಗೆ, ಅದೂ ಒಂದು ಷರತ್ತೇ.) ಎಷ್ಟು ಸಲ ಅಂತ ಗೊತ್ತಿದ್ದರೆ ಎಣಿಸುವ ಲೂಪ್, ಗೊತ್ತಿಲ್ಲದಿದ್ದರೆ 'ಆಗುವವರೆಗೆ' ಲೂಪ್. ನಮ್ಮ ಕಟ್ಟೆಗೆ ಹೀಗೆ ಬರೆದೆ:

```
ನೀರು : 100 ಇಡು
ನೀರು 120 ಆಗುವವರೆಗೆ ಮಾಡು
    ನೀರು : 3 ಹೆಚ್ಚಿಸು
```

ಮೆಷಿನ್ ಪ್ರತಿ ಸುತ್ತಿಗೂ ಮುಂಚೆ ಸ್ಲೇಟು ನೋಡಿ "120 ಆಗಿದೆಯಾ?" ಅಂತ ಕೇಳಿಕೊಳ್ಳಬೇಕು. ಆಗಿದ್ದರೆ ನಿಲ್ಲಬೇಕು, ಇಲ್ಲದಿದ್ದರೆ ಮಾಡಬೇಕು. ಎಷ್ಟಕ್ಕೆ ನಿಲ್ಲುತ್ತೆ ಅಂತ ಮೊದಲೇ ಬರೆದಿಡಿ ಅಂದೆ, ಇಬ್ಬರೂ 120 ಅಂತ ಬರೆದರು. ಶುರುವಾಯಿತು. 112, ಆಗಿಲ್ಲ. 115, ಆಗಿಲ್ಲ. 118, ಆಗಿಲ್ಲ. 121. ಓದುತ್ತಿದ್ದ ಹುಡುಗ ತಡೆದ. "120 ಆಗಿದೆಯಾ?" ಮೆಷಿನ್ ಸ್ಲೇಟು ನೋಡಿತು. "ಇಲ್ಲ, 121 ಇದೆ." ಮತ್ತೆ ಮಾಡಬೇಕು. 124. 127.

"ಮಾವ, ಕಟ್ಟೆ ತುಂಬಿ ಮೇಲ್ ಹರೀತೈತೆ!"

ಕಟ್ಟೆಯ ಪೂರ್ಣ ಮಟ್ಟ 124.80 ಅಡಿ, ಅದು ಆ ಹುಡುಗಿಗೂ ಗೊತ್ತು. ನೀರು 118ರಿಂದ 121ಕ್ಕೆ ಹಾರಿತು, 120ರ ಮೇಲೆ ಕಾಲಿಡಲೇ ಇಲ್ಲ, ಅದಕ್ಕೇ ಲೂಪ್ ಯಾವತ್ತೂ ನಿಲ್ಲಲ್ಲ. ಕಂಪ್ಯೂಟರ್ ಸುಮ್ಮನೆ ಓಡುತ್ತಲೇ ಇರುವ ಈ ತಪ್ಪನ್ನು ಇಂಜಿನಿಯರಿಂಗ್ ಓದಿದವರೂ ಮಾಡುತ್ತಾರೆ. ಮದ್ದು ಸುಲಭ: '120 ಆಗುವವರೆಗೆ' ಬದಲು '120ಕ್ಕಿಂತ ಹೆಚ್ಚಾಗುವವರೆಗೆ' ಅಂತ ಬರೆಯಬೇಕು. ಆಗ ಏಳು ಸುತ್ತಿಗೆ 121ರಲ್ಲಿ ನಿಲ್ಲುತ್ತೆ. ನಾನು ಆ ಮದ್ದು ಹೇಳಲಿಲ್ಲ, ಅವರೇ ಪಟ್ಟಿ ತಿದ್ದಿದರು. ಹುಡುಗ '120 ದಾಟೋವರೆಗೆ' ಅಂತ ಬರೆದ, ನನ್ನದಕ್ಕಿಂತ ಅದೇ ಚೆನ್ನಾಗಿದೆ.

ನಡುವೆ ಹುಡುಗಿ ಒಂದು ಪ್ರಶ್ನೆ ಹಾಕಿದಳು. "ನಾಲೆಗೆ ನೀರ್ ಬಿಟ್ರೆ ಕಮ್ಮಿ ಆಗಲ್ವಾ?" ಒಳ್ಳೇ ರೈತನ ಮೊಮ್ಮಗಳು. ಆದರೆ ಪಟ್ಟಿಯಲ್ಲಿ ನಾಲೆ ಇಲ್ಲ. 'ನೀರು' ಅಂತ ಹೆಸರಿಟ್ಟ ಮಾತ್ರಕ್ಕೆ ಮೆಷಿನ್‌ಗೆ ನೀರು ಅಂದರೇನು ಅಂತ ಗೊತ್ತಾಗಲ್ಲ. ಇದನ್ನು ತೋರಿಸೋಕೆ ಸ್ಲೇಟಿನ ನೆತ್ತಿಯ ಹೆಸರನ್ನು ಒರೆಸಿ 'ಗೋಪಿ' ಅಂತ ಹಸುವಿನ ಹೆಸರು ಬರೆದು ಮತ್ತೆ ಆಡಿಸಿದೆ. ಲೆಕ್ಕ ಅದೇ ಬಂತು. ನಾಲೆ ಬೇಕಿದ್ದರೆ ನಾವೇ 'ನೀರು : 1 ಕಡಿಮೆ ಮಾಡು' ಅನ್ನುವ ಪಟ್ಟಿ ಸೇರಿಸಬೇಕು. ಎಣಿಸುವ ಲೂಪಿನೊಳಗೆ ಅದನ್ನು ಹಾಕಿದರೆ ಎಂಟು ದಿನಕ್ಕೆ 124 ಬದಲು 116. ಅದೇ ಪಟ್ಟಿಯನ್ನು ಲೂಪಿನ ಹೊರಗೆ, ಕೆಳಗೆ ಹಾಕಿದರೆ 123. ಎಂಟು ದಿನ ನಾಲೆಗೆ ಬಿಟ್ಟದ್ದಕ್ಕೂ ಕೊನೇ ದಿನ ಒಂದು ಸಲ ಬಿಟ್ಟದ್ದಕ್ಕೂ ಎಷ್ಟು ವ್ಯತ್ಯಾಸ ಅಂತ ಮಂಡ್ಯ ಜಿಲ್ಲೆಯ ಮಗುವಿಗೆ ಬಿಡಿಸಿ ಹೇಳಬೇಕಾ?

ಈಗ ಬೈಯಬೇಕಾದವರನ್ನು ಬೈಯುತ್ತೇನೆ. ಕಾಗದದ ಕೋಡಿಂಗ್ ಅಂದರೆ ಬೋರ್ಡಿನ ಮೇಲೆ ಮೇಷ್ಟ್ರು ಬ್ಲಾಕುಗಳ ಚಿತ್ರ ಬಿಡಿಸುವುದು, ಮಕ್ಕಳು ನೋಟ್ಸಿಗೆ ಇಳಿಸಿಕೊಂಡು ಬಣ್ಣ ತುಂಬುವುದು, ಪರೀಕ್ಷೆಯಲ್ಲಿ 'ವೇರಿಯಬಲ್ ಎಂದರೇನು? ಎರಡು ಅಂಕ' ಅಂತ ಕೇಳುವುದು. ಹೀಗೆ ಮಾಡುವವರನ್ನು ನಾನು ನೋಡಿದ್ದೇನೆ. ದಯವಿಟ್ಟು ಬಿಟ್ಟುಬಿಡಿ. ಉತ್ತರವನ್ನು ಮೊದಲೇ ಊಹಿಸಿ ಬರೆದಿಡದೆ, ಸ್ಲೇಟು ಒರೆಸದೆ, ಸುತ್ತಿನ ಲೆಕ್ಕ ಇಡದೆ ಮಾಡಿದರೆ ಅದು ಚಿತ್ರಕಲೆ. ಪಟ್ಟಿಗಳನ್ನು ಕತ್ತರಿಸಿ, ಕಲೆಸಿ, ಬೇಡದ ಒಂದು ಪಟ್ಟಿಯನ್ನೂ ಸೇರಿಸಿ ಕೊಡಿ, ಮಕ್ಕಳೇ ಜೋಡಿಸಲಿ. ಐದು ಪಟ್ಟಿಗಿಂತ ಹೆಚ್ಚು ಬೇಡ, ಒಂದು ಪಿರಿಯಡ್ಡಿಗೆ ಒಂದೇ ಒಗಟು ಸಾಕು. ಮಗುವಿಗೆ ಅರ್ಥವಾಗಿದೆಯೋ ಇಲ್ಲವೋ ಅಂತ ತಿಳಿಯೋಕೆ ಕೊನೇ ಉತ್ತರ ನೋಡಬೇಡಿ, ಅದನ್ನು ಪಕ್ಕದವನಿಂದ ಕದಿಯಬಹುದು. ಐದನೇ ಸುತ್ತು ಮುಗಿದಾಗ ಸ್ಲೇಟಿನಲ್ಲಿ ಏನಿತ್ತು ಅಂತ ಕೇಳಿ.

ಇನ್ನೊಂದು ಕಡೆಯವರಿಗೂ ಹೇಳಬೇಕು. ಕಾಗದದಲ್ಲೇ ಆಗುತ್ತಲ್ಲ, ಹಳ್ಳಿ ಶಾಲೆಗೆ ಕಂಪ್ಯೂಟರ್ ಯಾಕೆ ಅಂತ ಈ ಬರಹವನ್ನು ಯಾರಾದರೂ ಹಿಡಿದು ತೋರಿಸಿದರೆ ಅದು ಮೋಸ. ಕಾಗದಕ್ಕೆ ದೊಡ್ಡ ದೋಷವಿದೆ: ತಪ್ಪಾದರೆ ಅದು ಬಾಯಿ ಬಿಡಲ್ಲ. ಓದುವವನೂ ಮೆಷಿನ್ನೂ ಸೇರಿ ಒಂದೇ ತಪ್ಪು ಮಾಡಿದರೆ ಇಬ್ಬರೂ ನಗುತ್ತಾ ಮನೆಗೆ ಹೋಗುತ್ತಾರೆ. ನಲವತ್ತು ಮಕ್ಕಳಿಗೆ ಒಬ್ಬರೇ ಮೇಷ್ಟ್ರು ಇದ್ದರೆ ಹಿಡಿಯೋಕೂ ಆಗಲ್ಲ. ಮೆಷಿನ್ ಮುಲಾಜಿಲ್ಲದೆ 103 ಅಂತ ತೋರಿಸುತ್ತೆ. ಅದಕ್ಕೇ ಕೆಲವು ವಾರ ಕಾಗದದಲ್ಲಿ ಆಡಿದ ಮೇಲೆ ಅದೇ ಒಗಟನ್ನು, ಅದೇ ಕನ್ನಂಬಾಡಿಯನ್ನು, ಮೆಷಿನ್ ಮೇಲೆ ಓಡಿಸಲೇಬೇಕು. ಬೇರೆ ಒಗಟಲ್ಲ, ಅದೇ. ಇಲ್ಲದಿದ್ದರೆ ಕಾಗದದ ಆಟ ಒಂದು, ಕಂಪ್ಯೂಟರ್ ಇನ್ನೊಂದು ಅಂತ ಮಗುವಿನ ತಲೆಯಲ್ಲಿ ಎರಡು ಡಬ್ಬಿ ಆಗುತ್ತೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೋಡಿಂಗ್ ಚಟುವಟಿಕೆ ಶುರುವಾಗಬೇಕು ಅಂದಿರುವುದು ಮಾಧ್ಯಮಿಕ ಹಂತದಲ್ಲಿ, ಅಂದರೆ ಆರರಿಂದ ಎಂಟನೇ ತರಗತಿ. ಐದನೇ ತರಗತಿಯಲ್ಲಿ ಸ್ಲೇಟು, ಆರಕ್ಕೆ ಹೋಗುವಷ್ಟರಲ್ಲಿ ಬೀಗ ತೆಗೆದ ರೂಮು, ಹೊಸ ಬ್ಯಾಟರಿ. ಎಸ್‌ಡಿಎಂಸಿ ಸಭೆಯಲ್ಲಿ ಕೇಳಬೇಕಾದ್ದು ಇದು. ಸ್ಕ್ರ್ಯಾಚ್‌ಗೆ ದುಡ್ಡು ಕೊಡಬೇಕಾಗಿಲ್ಲ, ಒಮ್ಮೆ ಹಾಕಿಕೊಂಡರೆ ನೆಟ್ ಇಲ್ಲದೆಯೂ ಓಡುತ್ತೆ.

ಮೆಷಿನ್ ಯಾವಾಗ ಬೇಕು ಅಂತ ಮಕ್ಕಳೇ ಹೇಳುತ್ತಾರೆ. ಸಂಜೆಯಾಗುತ್ತಿತ್ತು. '8 ಸಲ ಮಾಡು' ಪಟ್ಟಿಯ ಎಂಟರ ಮುಂದೆ ನಾನೊಂದು ಸೊನ್ನೆ ಸೇರಿಸಿ 80 ಮಾಡಿ, ಸ್ಲೇಟು ಹುಡುಗನ ಕೈಗೆ ಕೊಟ್ಟೆ. ಹನ್ನೊಂದನೇ ಸುತ್ತಿಗೆ ಅವನು ಬಳಪ ಎಸೆದ. ಹುಡುಗಿ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, "80 ಮೂರ್ಲ 240, ಅದಕ್ಕೆ 100, 340" ಅಂದುಬಿಟ್ಟಳು. ನಾನು ಲ್ಯಾಪ್‌ಟಾಪ್ ತೆಗೆದು ಅದೇ ಪಟ್ಟಿಗಳನ್ನು ಸ್ಕ್ರ್ಯಾಚ್‌ನಲ್ಲಿ ಜೋಡಿಸೋಕೆ ಕೊಟ್ಟೆ. ಹಸಿರು ಬಾವುಟ ಒತ್ತುವ ಮುಂಚೆ ಹುಡುಗ ಕೈ ಅಡ್ಡ ಇಟ್ಟ. "ತಡಿ, ತಡಿ. 340 ಬರ್ಬೇಕು. ಬರ್ಲಿಲ್ಲ ಅಂದ್ರೆ ಎಲ್ಲೋ ತಪ್ ಐತೆ."

ಡೆಮೊ ಕ್ಲಾಸಿಗೆ ಕರೆಯೋಕೆ ಯಾರಾದರೂ ನಿಮ್ಮೂರಿಗೂ ಬರುತ್ತಾರೆ. ಫೀಸ್ ಕಟ್ಟುವ ಮುಂಚೆ, 120ಕ್ಕೆ ನಿಲ್ಲದ ಆ ಪಟ್ಟಿಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅಲ್ಲಿ ಮೂರು ತಿಂಗಳು ಕಲಿತಿರುವ ಮಗುವಿನ ಕೈಗೆ ಕೊಟ್ಟು, ಟ್ಯಾಬ್ ಮುಟ್ಟದೆ ಇದು ಎಷ್ಟಕ್ಕೆ ನಿಲ್ಲುತ್ತೆ ಹೇಳಪ್ಪ ಅಂತ ಕೇಳಿ.